ಕ್ಯಾಟಲೇಸ್, ಆಕ್ಸಿಡೇಸ್, ಕೊಯಾಗ್ಯುಲೇಸ್: ಪ್ಲೇಟ್ ಮೇಲೆ ಬೆಳೆದದ್ದು ಯಾವ ಬ್ಯಾಕ್ಟೀರಿಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಕ್ರೊಬಯಾಲಜಿ ಬೆಂಚಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳು ನನ್ನನ್ನು ಕೇಳುತ್ತಾ ಬಂದ ಪ್ರಶ್ನೆಗಳು ಇವು. ಹೆಚ್ಚಿನವಕ್ಕೆ ಉತ್ತರ ಒಂದೇ ಸ್ಯಾಂಪಲ್‌ನ ಕತೆಯಲ್ಲಿದೆ. ಹೊಲದಲ್ಲಿ ಕೆಲಸ ಮಾಡುವ ಒಬ್ಬರ ಮೊಣಕಾಲಿನ ಕೆಳಗಿನ ಗಾಯದಿಂದ ತೆಗೆದ ಕೀವು ಅದು. ಅದರಲ್ಲಿ ನಾವು ಮಾಡಿದ ತಪ್ಪನ್ನೂ ಮುಚ್ಚಿಡದೆ ಬರೆದಿದ್ದೇನೆ.

ಕಾಲೊನಿ ಕಂಡ ಕೂಡಲೇ ಮೂರೂ ಪರೀಕ್ಷೆ ಮಾಡಿಬಿಡಬಹುದಲ್ವಾ?

ಮಾಡಬಹುದು, ಆದರೆ ಒಂದೆರಡು ಸುಮ್ನೆ ದಂಡ. ಮೊದಲು ಗ್ರಾಮ್ ಸ್ಟೇನ್ ನೋಡಿ. ಯಾವ ಪರೀಕ್ಷೆ ಕೇಳಬೇಕು ಅಂತ ಅದೇ ಹೇಳುತ್ತದೆ.

ನೇರಳೆ ಬಣ್ಣದ ದುಂಡನೆಯ ಕೋಶಗಳು, ಅಂದರೆ ಗ್ರಾಮ್ ಪಾಸಿಟಿವ್ ಕಾಕೈ ಕಂಡರೆ ಕ್ಯಾಟಲೇಸ್ ಮಾಡಿ. ಅದು ಪಾಸಿಟಿವ್ ಬಂದರೆ ಕೊಯಾಗ್ಯುಲೇಸ್‌ಗೆ ಹೋಗಿ. ಗುಲಾಬಿ ಬಣ್ಣದ ಕಡ್ಡಿಗಳು, ಅಂದರೆ ಗ್ರಾಮ್ ನೆಗೆಟಿವ್ ಬ್ಯಾಸಿಲೈ ಕಂಡರೆ ನೇರ ಆಕ್ಸಿಡೇಸ್‌ಗೆ ಹೋಗಿ. ಆಸ್ಪತ್ರೆಯ ಸ್ಯಾಂಪಲ್‌ಗಳಲ್ಲಿ ದಿನಾ ಸಿಗುವ ಗ್ರಾಮ್ ನೆಗೆಟಿವ್ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಕ್ಯಾಟಲೇಸ್ ಪಾಸಿಟಿವ್ವೇ. ಎಲ್ಲರೂ ಹೌದು ಅನ್ನುವ ಪ್ರಶ್ನೆ ಕೇಳಿ ಯಾರನ್ನು ಬೇರೆ ಮಾಡುತ್ತೀರಿ? ಕೊಯಾಗ್ಯುಲೇಸ್ ಕೂಡ ಹಾಗೆಯೇ. ಸ್ಟ್ಯಾಫಿಲೊಕಾಕಸ್ ಅಂತ ಗೊತ್ತಾದ ಮೇಲೆ ಮಾತ್ರ ಅದಕ್ಕೆ ಅರ್ಥ.

ನಮ್ಮ ಕೀವಿನ ಸ್ಮಿಯರ್‌ನಲ್ಲಿ ಕೀವಿನ ಕೋಶಗಳು ತುಂಬಾ ಇದ್ದವು. ಅವುಗಳ ಒಳಗೂ ಹೊರಗೂ ದ್ರಾಕ್ಷಿ ಗೊಂಚಲಿನಂತೆ ನೇರಳೆ ಕಾಕೈ ಕೂತಿದ್ದವು. ಮರುದಿನ ಬ್ಲಡ್ ಅಗರ್ ಮೇಲೆ ಕೆನೆಬಣ್ಣದ ದುಂಡು ಕಾಲೊನಿಗಳು, ಸುತ್ತ ರಕ್ತ ಕರಗಿದ ತಿಳಿ ವಲಯ. ಎಲ್ಲವೂ ಒಂದೇ ತರದ ಕಾಲೊನಿ. ಈ ಕೊನೆಯ ಮಾತು ಮುಖ್ಯ, ಮುಂದೆ ಮತ್ತೆ ಬರುತ್ತದೆ.

ಕ್ಯಾಟಲೇಸ್ ಪರೀಕ್ಷೆಯಲ್ಲಿ ಗುಳ್ಳೆ ಏಕೆ ಬರುತ್ತದೆ?

ಆಮ್ಲಜನಕ ಬಳಸಿ ಬದುಕುವ ಕೋಶದೊಳಗೆ ಹೈಡ್ರೊಜನ್ ಪೆರಾಕ್ಸೈಡ್ ತಾನಾಗಿಯೇ ಹುಟ್ಟುತ್ತದೆ. ಅದು ಕೋಶಕ್ಕೇ ವಿಷ. ಕ್ಯಾಟಲೇಸ್ ಎಂಬ ಕಿಣ್ವ ಅದನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ.

2H2O2 → 2H2O + O2

ನಾವು ಹೊರಗಿನಿಂದ 3% ಪೆರಾಕ್ಸೈಡ್ ಹನಿಸಿದಾಗ ಆ ಆಮ್ಲಜನಕ ಗುಳ್ಳೆಯಾಗಿ ಕಣ್ಣಿಗೆ ಕಾಣುತ್ತದೆ. ಸ್ಟ್ಯಾಫಿಲೊಕಾಕಸ್ ಆದರೆ ತಕ್ಷಣ ಬುಸ್ಸೆಂದು ನೊರೆ. ಸ್ಟ್ರೆಪ್ಟೊಕಾಕಸ್, ಎಂಟರೊಕಾಕಸ್ ಆದರೆ ಹನಿ ಸುಮ್ಮನೆ ಕೂತಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇವು ಒಮ್ಮೊಮ್ಮೆ ಒಂದರಂತೆ ಇನ್ನೊಂದು ಕಾಣುತ್ತವೆ. ಘನ ಮಾಧ್ಯಮದಿಂದ ಸ್ಮಿಯರ್ ಮಾಡಿದರಂತೂ ಸರಪಳಿ ಮುರಿದು ಗುಂಪಿನಂತೆ ತೋರುತ್ತದೆ. ಆಗ ಕೈಹಿಡಿಯುವುದು ಈ ಹನಿ.

ಸ್ಲೈಡ್ ಮೇಲೆ ಇದನ್ನು ಮಾಡುವ ಸರಿಯಾದ ಕ್ರಮ ಯಾವುದು?

ಒಣ, ಸ್ವಚ್ಛ ಸ್ಲೈಡ್ ತೆಗೆದುಕೊಳ್ಳಿ. 18ರಿಂದ 24 ಗಂಟೆಯ ಕಾಲೊನಿಯ ನೆತ್ತಿಯಿಂದ ಮರದ ಕಡ್ಡಿಯಲ್ಲಿ ಸ್ವಲ್ಪ ಎತ್ತಿ ಸ್ಲೈಡ್‌ಗೆ ಸವರಿ. ಆಮೇಲೆ ಅದರ ಮೇಲೆ ಒಂದು ಹನಿ 3% ಪೆರಾಕ್ಸೈಡ್ ಹಾಕಿ, ಕಲಕದೆ ನೋಡಿ. ಸಿಡಿಯುವ ಸಣ್ಣ ಹನಿಗಳಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ. ಸ್ಲೈಡನ್ನು ಒಂದು ಪೆಟ್ರಿ ಡಿಶ್‌ನೊಳಗೆ ಇಟ್ಟು ಮುಚ್ಚಳ ಹಾಕಿದರೆ ಮುಖಕ್ಕೆ ಬರುವುದಿಲ್ಲ.

ಕಬ್ಬಿಣದ ಅಂಶವಿರುವ ನೈಕ್ರೋಮ್ ಲೂಪ್ ಪೆರಾಕ್ಸೈಡ್‌ಗೆ ತಾಗಿದರೆ ಬ್ಯಾಕ್ಟೀರಿಯಾ ಇಲ್ಲದೆಯೂ ಗುಳ್ಳೆ ಬರಬಹುದು. ಅದಕ್ಕೇ ಮರದ ಕಡ್ಡಿ. ಒಬ್ಬಳು ವಿದ್ಯಾರ್ಥಿನಿ ಒಂದು ವಾರ ಪೂರ್ತಿ ಎಲ್ಲ ಸ್ಟ್ರೆಪ್ಟೊಕಾಕಸ್‌ನ್ನೂ ಪಾಸಿಟಿವ್ ಅಂತ ಬರೆದಿದ್ದಳು. ಅವಳು ಮೊದಲು ಹನಿ ಹಾಕಿ, ಆಮೇಲೆ ಅದರೊಳಗೆ ಲೂಪ್ ಅದ್ದುತ್ತಿದ್ದಳು ಅಂತ ಗೊತ್ತಾದದ್ದು ಪಕ್ಕದಲ್ಲಿ ನಿಂತು ನೋಡಿದಾಗ.

ಬ್ಲಡ್ ಅಗರ್‌ನಿಂದ ಕ್ಯಾಟಲೇಸ್ ಮಾಡಬಾರದು ಅಂತಾರೆ. ನಿಜವಾ?

ಅರ್ಧ ನಿಜ. ಕೆಂಪು ರಕ್ತಕಣದಲ್ಲೂ ಕ್ಯಾಟಲೇಸ್ ಇದೆ. ಕಾಲೊನಿ ಕೆರೆಯುವಾಗ ಅಗರ್ ಚೂರು ಬಂದರೆ ಗುಳ್ಳೆ ಬರುತ್ತದೆ. ಆದರೆ ದಿನದ ಕೆಲಸದಲ್ಲಿ ಬೇರೆ ಪ್ಲೇಟ್‌ಗೆ ದಾಟಿಸಿ ಇನ್ನೊಂದು ದಿನ ಕಾಯಲು ಆಗುವುದಿಲ್ಲ. ಕಾಲೊನಿಯ ಮೇಲ್ಭಾಗವನ್ನಷ್ಟೇ ಹಗುರವಾಗಿ ಎತ್ತಿದರೆ ಬ್ಲಡ್ ಅಗರ್‌ನಿಂದಲೂ ಮಾಡಬಹುದು. ಅನುಮಾನ ಬಂದರೆ ಕಾಲೊನಿ ಇಲ್ಲದ ಜಾಗದ ಅಗರ್ ಚೂರಿಗೂ ಒಂದು ಹನಿ ಹಾಕಿ ಹೋಲಿಸಿ ನೋಡಿ.

ನಿಧಾನವಾಗಿ ಒಂದೆರಡು ಗುಳ್ಳೆ ಬಂದರೆ ಪಾಸಿಟಿವ್ ಅಂತ ಬರೆಯಬೇಡಿ. ಕೆಲವು ಎಂಟರೊಕಾಕಸ್ ತಳಿಗಳು ಹೀಗೆ ತುಸು ಗುಳ್ಳೆ ಬಿಡುತ್ತವೆ. ಅದು ನಿಜವಾದ ಕ್ಯಾಟಲೇಸ್ ಅಲ್ಲ. ಇನ್ನೊಂದು ಕಡೆ, ಪ್ಲೇಟ್ ಹಳೆಯದಾದರೆ ಸ್ಟ್ಯಾಫಿಲೊಕಾಕಸ್ ಕೂಡ ಮಂಕಾಗಬಹುದು. ಪೆರಾಕ್ಸೈಡ್ ಬಾಟಲಿ ತೆರೆದಿಟ್ಟು ಸತ್ವ ಹೋಗಿದ್ದರೆ ಎಲ್ಲವೂ ನೆಗೆಟಿವ್! ಹಾಗಾಗಿ ದಿನವೂ ಗೊತ್ತಿರುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಒಂದು, ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್ ಒಂದು ಪಕ್ಕದಲ್ಲಿಟ್ಟು ಮಾಡಿ.

ನಮ್ಮ ಕೀವಿನ ಕಾಲೊನಿ ಕ್ಷಣದಲ್ಲಿ ನೊರೆಯಾಯಿತು. ಗೊಂಚಲು, ನೊರೆ. ಸ್ಟ್ಯಾಫಿಲೊಕಾಕಸ್ ಅಂತ ಮುಂದೆ ಹೋದೆವು.

ಸ್ಟ್ಯಾಫಿಲೊಕಾಕಸ್ ಅಂತ ಗೊತ್ತಾಯಿತಲ್ಲ, ಕೊಯಾಗ್ಯುಲೇಸ್ ಯಾಕೆ ಬೇಕು?

ನಮ್ಮೆಲ್ಲರ ಚರ್ಮದ ಮೇಲೆ ಸ್ಟ್ಯಾಫಿಲೊಕಾಕಸ್ ಎಪಿಡರ್ಮಿಡಿಸ್ ಸದಾ ಇರುತ್ತದೆ. ಗಾಯದಿಂದ ಸ್ವ್ಯಾಬ್ ತೆಗೆಯುವಾಗ ಅದೂ ಅಂಟಿಕೊಂಡು ಬರಬಹುದು. ಕುರು, ಕೀವುಗಟ್ಟಿದ ಗಾಯ, ಮೂಳೆಯ ಸೋಂಕು ಮಾಡುವುದರಲ್ಲಿ ಮುಂದಿರುವುದು ಸ್ಟ್ಯಾಫಿಲೊಕಾಕಸ್ ಆರಿಯಸ್. ಇದು ಅದಾ, ಇನ್ನೊಂದಾ ಅನ್ನುವ ಉತ್ತರದ ಮೇಲೆ ರಿಪೋರ್ಟ್ ನಿಲ್ಲುತ್ತದೆ. ಆರಿಯಸ್ ಪ್ಲಾಸ್ಮಾವನ್ನು ಹೆಪ್ಪುಗಟ್ಟಿಸುತ್ತದೆ, ಎಪಿಡರ್ಮಿಡಿಸ್ ಮಾಡುವುದಿಲ್ಲ.

ಸ್ಲೈಡ್ ಮತ್ತು ಟ್ಯೂಬ್, ಎರಡೂ ಒಂದೇ ಪರೀಕ್ಷೆಯಾ?

ಅಲ್ಲ. ಹೆಸರು ಒಂದೇ, ನೋಡುವುದು ಬೇರೆ ಬೇರೆ. ಎಷ್ಟೋ ತಪ್ಪುಗಳು ಹುಟ್ಟುವುದು ಈ ಗೊಂದಲದಿಂದ.

ಸ್ಲೈಡ್‌ನಲ್ಲಿ ನೋಡುವುದು ಕೋಶದ ಗೋಡೆಗೆ ಅಂಟಿಕೊಂಡಿರುವ ಒಂದು ಪ್ರೋಟೀನ್. ಅದಕ್ಕೆ ಕ್ಲಂಪಿಂಗ್ ಫ್ಯಾಕ್ಟರ್ ಅನ್ನುತ್ತಾರೆ. ಅದು ಪ್ಲಾಸ್ಮಾದ ಫೈಬ್ರಿನೊಜನ್‌ನ್ನು ನೇರವಾಗಿ ಹಿಡಿಯುತ್ತದೆ, ಕೋಶಗಳು ಒಂದಕ್ಕೊಂದು ಅಂಟಿ ಹರಳುಹರಳಾಗುತ್ತವೆ. ಸ್ಲೈಡ್‌ನಲ್ಲಿ ಎರಡು ಹನಿ ಸಲೈನ್ ಇಟ್ಟು, ಎರಡರಲ್ಲೂ ಕಾಲೊನಿಯನ್ನು ಹಾಲಿನಂತೆ ಕದಡಿ. ಒಂದಕ್ಕೆ ಮಾತ್ರ ಪ್ಲಾಸ್ಮಾ ಸೇರಿಸಿ ಮೆಲ್ಲಗೆ ಕಲಸಿ. 10ರಿಂದ 15 ಸೆಕೆಂಡ್ ಒಳಗೆ ಹರಳು ಕಟ್ಟಿದರೆ ಪಾಸಿಟಿವ್. ಪ್ಲಾಸ್ಮಾ ಹಾಕದ ಹನಿಯೂ ಹರಳಾದರೆ ಆ ತಳಿ ತಾನಾಗಿ ಅಂಟಿಕೊಳ್ಳುವ ಜಾತಿ, ಸ್ಲೈಡ್ ಪರೀಕ್ಷೆ ಅದಕ್ಕೆ ಆಗಿಬರುವುದಿಲ್ಲ. ಮ್ಯಾನಿಟಾಲ್ ಸಾಲ್ಟ್ ಅಗರ್‌ನಂಥ ಜಾಸ್ತಿ ಉಪ್ಪಿನ ಮಾಧ್ಯಮದಿಂದ ಎತ್ತಿದರೂ ಹೀಗೇ ಆಗುತ್ತದೆ.

ಟ್ಯೂಬ್‌ನಲ್ಲಿ ನೋಡುವುದು ಬ್ಯಾಕ್ಟೀರಿಯಾ ಹೊರಗೆ ಬಿಡುವ ಕೊಯಾಗ್ಯುಲೇಸ್. ಅದು ಪ್ಲಾಸ್ಮಾದ ಪ್ರೊಥ್ರಾಂಬಿನ್ ಜೊತೆ ಸೇರಿ ಥ್ರಾಂಬಿನ್ನಿನ ಕೆಲಸ ಮಾಡಿ, ಫೈಬ್ರಿನೊಜನ್‌ನ್ನು ಫೈಬ್ರಿನ್ ಮಾಡುತ್ತದೆ. ಪ್ಲಾಸ್ಮಾ ಮೊಸರಿನಂತೆ ಹೆಪ್ಪಾಗುತ್ತದೆ.

ಸ್ಲೈಡ್ ನೆಗೆಟಿವ್ ಬಂದ ಮಾತ್ರಕ್ಕೆ ಆರಿಯಸ್ ಅಲ್ಲ ಅನ್ನುವ ಹಾಗಿಲ್ಲ. ಕ್ಲಂಪಿಂಗ್ ಫ್ಯಾಕ್ಟರ್ ತೋರಿಸದ ಆರಿಯಸ್ ತಳಿಗಳಿವೆ. ಅಂಥದ್ದನ್ನು ಟ್ಯೂಬ್‌ನಲ್ಲಿ ನೋಡಲೇಬೇಕು. ಸ್ಲೈಡ್ ಪಾಸಿಟಿವ್ ಬಂದರೂ ಒಂದು ಎಚ್ಚರ ಬೇಕು: ಸ್ಟ್ಯಾಫಿಲೊಕಾಕಸ್ ಲುಗ್ಡುನೆನ್ಸಿಸ್ ಸ್ಲೈಡ್‌ನಲ್ಲಿ ಪಾಸಿಟಿವ್ ಆಗಬಹುದು, ಟ್ಯೂಬ್‌ನಲ್ಲಿ ನೆಗೆಟಿವ್. ಅದೂ ಸಾಧುವಲ್ಲ, ಹೃದಯದ ಕವಾಟಕ್ಕೆ ಸೋಂಕು ಮಾಡುವುದರಲ್ಲಿ ಹೆಸರುವಾಸಿ.

ನಮ್ಮ ಕೀವಿನ ಕಾಲೊನಿ ಸ್ಲೈಡ್‌ನಲ್ಲಿ ನೆಗೆಟಿವ್. ಹಾಗಾಗಿ ಟ್ಯೂಬ್ ಇಟ್ಟೆವು.

ಟ್ಯೂಬ್ ಪರೀಕ್ಷೆ ಹೇಗೆ, ಎಷ್ಟು ಹೊತ್ತು?

ಇಡಿಟಿಎ ಹಾಕಿದ ಮೊಲದ ಪ್ಲಾಸ್ಮಾ 0.5 ಮಿಲಿ ಸಣ್ಣ ಗಾಜಿನ ಟ್ಯೂಬ್‌ಗೆ ತೆಗೆದುಕೊಂಡು, ಎರಡು ಮೂರು ಕಾಲೊನಿ ಕದಡಿ. ಪ್ಯಾಕಿನ ಜೊತೆ ಬಂದ ಹಾಳೆ ಬೇರೆ ಪ್ರಮಾಣ ಹೇಳಿದರೆ ಅದನ್ನೇ ಪಾಲಿಸಿ. ಪಕ್ಕದಲ್ಲಿ ಗೊತ್ತಿರುವ ಪಾಸಿಟಿವ್ ಒಂದು, ನೆಗೆಟಿವ್ ಒಂದು, ಬರೀ ಪ್ಲಾಸ್ಮಾ ಒಂದು ಇರಲಿ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು 1, 2, 4 ಗಂಟೆಗೆ ನೋಡಿ. ನಾಲ್ಕಕ್ಕೂ ಏನೂ ಇಲ್ಲದಿದ್ದರೆ ಹೊರಗೆ ಕೋಣೆಯ ತಾಪಕ್ಕೆ ತೆಗೆದಿಟ್ಟು ಮರುದಿನ ಇನ್ನೊಮ್ಮೆ ನೋಡಿ.

ನೋಡುವಾಗ ಟ್ಯೂಬನ್ನು ನಿಧಾನವಾಗಿ ಓರೆ ಮಾಡಿ, ಅಲುಗಿಸಬೇಡಿ. ಮನೆಯಲ್ಲಿ ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಕುಲುಕಿ ನೋಡಿದರೆ ಮೊಸರು ಒಡೆಯುತ್ತದಲ್ವಾ, ಇಲ್ಲೂ ಅಷ್ಟೇ. ಮೊದಲ ಹಂತದ ಹೆಪ್ಪು ಬಹಳ ಮೃದು, ಕುಲುಕಿದರೆ ಚದುರಿ ಮತ್ತೆ ಕೂಡುವುದಿಲ್ಲ. ಪೂರ್ತಿ ಗಟ್ಟಿಯಾಗಲೇಬೇಕು ಅಂತಿಲ್ಲ. ದ್ರವದಲ್ಲಿ ತೇಲುವ ಮೆತ್ತನೆ ಗಡ್ಡೆ ಕಂಡರೂ ಅದು ಪಾಸಿಟಿವ್.

ಬೆಳಿಗ್ಗೆ ಬಂದು ಒಮ್ಮೆ ನೋಡಿದರೆ ಸಾಲದೇ? ಯಾಕೆ ಗಂಟೆಗೊಮ್ಮೆ?

ನಮ್ಮ ತಪ್ಪು ಆದದ್ದು ಇಲ್ಲೇ. ಹುಡುಗನೊಬ್ಬ ಸಂಜೆ 5ಕ್ಕೆ ಟ್ಯೂಬನ್ನು ಇನ್‌ಕ್ಯುಬೇಟರ್‌ನಲ್ಲಿಟ್ಟು ಮನೆಗೆ ಹೋದ. ಮರುದಿನ ಬೆಳಿಗ್ಗೆ 9.30ಕ್ಕೆ ನೋಡಿದರೆ ಪ್ಲಾಸ್ಮಾ ನೀರಿನಂತೆ ಹರಿಯುತ್ತಿತ್ತು. ಕೊಯಾಗ್ಯುಲೇಸ್ ನೆಗೆಟಿವ್ ಅಂತ ಪುಸ್ತಕದಲ್ಲಿ ಬರೆದ. ರಿಪೋರ್ಟ್ ಹೋಗುವ ಮೊದಲು ಅದನ್ನು ಓದಿದಾಗ ನನಗೆ ಸರಿಬರಲಿಲ್ಲ. ಕೀವಿನ ಕೋಶದ ಒಳಗೇ ಕಾಕೈ ಕಂಡಿದ್ದವು. ಪ್ಲೇಟ್ ತುಂಬಾ ಒಂದೇ ಜಾತಿ. ಸುತ್ತ ಸ್ಪಷ್ಟ ಹೀಮಾಲಿಸಿಸ್. ಎರಡನೇ ದಿನಕ್ಕೆ ಕಾಲೊನಿ ಹೊನ್ನಿನ ಬಣ್ಣಕ್ಕೆ ತಿರುಗಿತ್ತು. ಇಷ್ಟೆಲ್ಲ ಇದ್ದು ಚರ್ಮದ ಸಾಧು ಬ್ಯಾಕ್ಟೀರಿಯಾ ಅಂದರೆ ನಂಬುವುದು ಹೇಗೆ?

ಬೆಳಿಗ್ಗೆ 10ಕ್ಕೆ ಮತ್ತೆ ಟ್ಯೂಬ್ ಇಟ್ಟೆವು. 11ಕ್ಕೆ ಏನೂ ಇಲ್ಲ. 12ಕ್ಕೆ ತೇಲುವ ಎಳೆಎಳೆ ಗಡ್ಡೆ. ಮಧ್ಯಾಹ್ನ 2ಕ್ಕೆ ಟ್ಯೂಬ್ ಓರೆ ಮಾಡಿದರೂ ಕದಲದ ಹೆಪ್ಪು. ಕುತೂಹಲಕ್ಕೆ ಅದನ್ನು ಹಾಗೇ 37 ಡಿಗ್ರಿಯಲ್ಲಿ ಬಿಟ್ಟೆವು. ಮರುದಿನ ಬೆಳಿಗ್ಗೆ ಮತ್ತೆ ನೀರು!

ಆರಿಯಸ್‌ನ ಹಲವು ತಳಿಗಳು ಸ್ಟ್ಯಾಫಿಲೊಕೈನೇಸ್ ಎಂಬ ಇನ್ನೊಂದು ಪ್ರೋಟೀನನ್ನೂ ಬಿಡುತ್ತವೆ. ಅದು ಪ್ಲಾಸ್ಮಾದಲ್ಲಿರುವ ಪ್ಲಾಸ್ಮಿನೊಜನ್‌ನ್ನು ಎಬ್ಬಿಸುತ್ತದೆ, ಎದ್ದ ಪ್ಲಾಸ್ಮಿನ್ ಫೈಬ್ರಿನ್ನನ್ನು ಕತ್ತರಿಸುತ್ತದೆ. ಕಟ್ಟಿದ್ದೂ ಅದೇ, ಕೆಡವಿದ್ದೂ ಅದೇ. ರಾತ್ರಿ ಯಾರೂ ನೋಡದಾಗ ಹೆಪ್ಪಾಗಿ ಕರಗಿಹೋಗಿತ್ತು. ನಾಲ್ಕು ಗಂಟೆಯ ನಂತರ ಟ್ಯೂಬನ್ನು 37ರಿಂದ ಹೊರಗಿಡುವುದು ಈ ಕಾರಣಕ್ಕೇ, ತಂಪಿನಲ್ಲಿ ಆ ಕರಗುವಿಕೆ ನಿಧಾನವಾಗುತ್ತದೆ.

ಖಾತ್ರಿಗೆ ಡಿಎನ್‌ಏಸ್ ಪ್ಲೇಟ್ ಕೂಡ ಹಾಕಿದೆವು. ಬೆಳೆದ ಮೇಲೆ ಹೈಡ್ರೊಕ್ಲೋರಿಕ್ ಆಮ್ಲ ಸುರಿದಾಗ ಸುತ್ತ ತಿಳಿ ವಲಯ ಬಂತು, ಪಾಸಿಟಿವ್. ಸೆಫಾಕ್ಸಿಟಿನ್ 30 ಮೈಕ್ರೊಗ್ರಾಂ ಡಿಸ್ಕ್‌ಗೆ 24 ಮಿಮೀ ವಲಯ. ಆರಿಯಸ್‌ಗೆ 22 ಅಥವಾ ಹೆಚ್ಚು ಇದ್ದರೆ ಎಂಆರ್‌ಎಸ್‌ಎ ಅಲ್ಲ ಅಂತ ಓದುತ್ತೇವೆ. ರಿಪೋರ್ಟ್ ಆರಿಯಸ್ ಅಂತಲೇ ಹೋಯಿತು, ಒಂದು ದಿನ ತಡವಾಗಿ.

ಬ್ಲಡ್ ಬ್ಯಾಂಕಿನ ಅವಧಿ ಮುಗಿದ ಪ್ಲಾಸ್ಮಾ ಬಳಸಬಹುದಾ?

ದುಡ್ಡಿನ ಕಾರಣಕ್ಕೆ ಹಲವರು ಬಳಸುತ್ತಾರೆ. ಎರಡು ತೊಂದರೆ ಇದೆ. ಮನುಷ್ಯರ ಪ್ಲಾಸ್ಮಾದಲ್ಲಿ ಸ್ಟ್ಯಾಫಿಲೊಕಾಕಸ್ ವಿರುದ್ಧದ ಪ್ರತಿಕಾಯಗಳು ಇರಬಹುದು, ಫಲಿತಾಂಶ ಒಂದೊಂದು ಚೀಲಕ್ಕೆ ಒಂದೊಂದು ತರ. ಸೋಂಕಿನ ಭಯವೂ ಇದೆ.

ಇನ್ನೊಂದು, ಆ ಚೀಲದಲ್ಲಿ ರಕ್ತ ಹೆಪ್ಪಾಗದಂತೆ ಹಾಕಿರುವುದು ಸಿಟ್ರೇಟ್. ಸಿಟ್ರೇಟ್ ತಿಂದು ಬದುಕುವ ಎಂಟರೊಕಾಕಸ್‌ನಂಥದ್ದು ಟ್ಯೂಬ್‌ನಲ್ಲಿ ಬೆರೆತಿದ್ದರೆ ಸಿಟ್ರೇಟನ್ನು ಮುಗಿಸಿಬಿಡುತ್ತದೆ. ಕ್ಯಾಲ್ಸಿಯಂ ಬಿಡುಗಡೆಯಾಗಿ ಪ್ಲಾಸ್ಮಾ ತಾನಾಗಿ ಹೆಪ್ಪಾಗುತ್ತದೆ. ನಿಮ್ಮ ಎಪಿಡರ್ಮಿಡಿಸ್ ಆಗ ಆರಿಯಸ್ ವೇಷ ಹಾಕಿ ನಿಲ್ಲುತ್ತದೆ. ಮೊದಲು ಹೇಳಿದ ಒಂದೇ ತರದ ಕಾಲೊನಿ ಅನ್ನುವ ಮಾತಿನ ಅರ್ಥ ಇದು. ಬೆರಕೆ ಪ್ಲೇಟ್‌ನಿಂದ ಮಾಡಿದ ಯಾವ ಪರೀಕ್ಷೆಯೂ ಒಂದು ಬ್ಯಾಕ್ಟೀರಿಯಾದ ಪರೀಕ್ಷೆ ಅಲ್ಲ.

ಆಕ್ಸಿಡೇಸ್ ಏನನ್ನು ಹೇಳುತ್ತದೆ?

ಉಸಿರಾಟದ ಸರಪಳಿಯ ಕೊನೆಯಲ್ಲಿ ಸೈಟೊಕ್ರೋಮ್ ಸಿ ಆಕ್ಸಿಡೇಸ್ ಇದೆಯಾ ಅನ್ನುವುದನ್ನು. ಇದ್ದರೆ, ಬಣ್ಣವಿಲ್ಲದ ಟೆಟ್ರಾಮೀಥೈಲ್ ಪ್ಯಾರಾಫಿನೈಲೀನ್‌ಡಯಮೀನ್ ಕಡುನೇರಳೆ ಆಗುತ್ತದೆ. 1920ರ ದಶಕದಲ್ಲಿ ಗಾರ್ಡನ್ ಮತ್ತು ಮೆಕ್ಲಿಯಾಡ್ ಇದನ್ನು ಗೊನೊಕಾಕಸ್ ಹುಡುಕಲು ಬಳಸಿದರು. ಈಗ ಕಾಗದದ ಮೇಲೆ ಮಾಡುವ ವಿಧಾನಕ್ಕೆ 1956ರಲ್ಲಿ ಪ್ರಕಟಿಸಿದ ಕೊವಾಕ್ಸ್ ಅವರ ಹೆಸರಿದೆ.

ಫಿಲ್ಟರ್ ಪೇಪರ್ ಚೂರಿಗೆ 1% ದ್ರಾವಣದ ಒಂದೆರಡು ಹನಿ ಹಾಕಿ, ಮರದ ಕಡ್ಡಿಯಲ್ಲಿ ಕಾಲೊನಿ ಸವರಿ. 10 ಸೆಕೆಂಡ್‌ನೊಳಗೆ ಕಡುನೇರಳೆ ಬಂದರೆ ಪಾಸಿಟಿವ್. ಒಂದು ನಿಮಿಷ ಕಳೆದ ಮೇಲೆ ಬಂದ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಗಾಳಿಗೇ ಅದು ತಿರುಗುತ್ತದೆ. ದ್ರಾವಣ ಬಾಟಲಿಯಲ್ಲೇ ನೀಲಿಯಾಗಿದ್ದರೆ ಚೆಲ್ಲಿ, ಹೊಸದು ಮಾಡಿ.

ಇದಕ್ಕೆ ಮ್ಯಾಕ್‌ಕಾಂಕಿ ಪ್ಲೇಟ್‌ನಿಂದ ಕಾಲೊನಿ ಎತ್ತಬೇಡಿ. ಸಕ್ಕರೆ ಹುದುಗಿ ಹುಟ್ಟುವ ಆಮ್ಲ ಕಿಣ್ವವನ್ನು ತಡೆಯುತ್ತದೆ, ಗುಲಾಬಿ ಬಣ್ಣವಂತೂ ಕಣ್ಣಿಗೆ ಮೋಸ. ಬ್ಲಡ್ ಅಗರ್ ಅಥವಾ ನ್ಯೂಟ್ರಿಯೆಂಟ್ ಅಗರ್‌ನಿಂದ ತೆಗೆದುಕೊಳ್ಳಿ. ಲೋಹದ ಲೂಪ್ ಇಲ್ಲೂ ಶತ್ರುವೇ.

ಆಕ್ಸಿಡೇಸ್ ಪಾಸಿಟಿವ್ ಅಂದರೆ ಸ್ಯೂಡೊಮೊನಾಸ್ ಅಂತ ಬರೆದುಬಿಡಬಹುದಾ?

ಬೇಡ. ನೆಗೆಟಿವ್ ಬಂದರೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸಾಲ್ಮೊನೆಲ್ಲಾ ಇರುವ ಕರುಳಿನ ಗುಂಪು ಅಥವಾ ಅಸಿನೆಟೊಬ್ಯಾಕ್ಟರ್ ಕಡೆ ಹೋಗುತ್ತೀರಿ. ಪಾಸಿಟಿವ್ ಬಂದರೆ ಸ್ಯೂಡೊಮೊನಾಸ್, ವಿಬ್ರಿಯೊ, ಏರೊಮೊನಾಸ್, ಇನ್ನೂ ಕೆಲವು. ಭೇದಿಯ ಸ್ಯಾಂಪಲ್‌ನಲ್ಲಿ ಕಾಲರಾದ ವಿಬ್ರಿಯೊವನ್ನು ಕರುಳಿನ ಗುಂಪಿನಿಂದ ಮೊದಲೇ ಬೇರೆ ಮಾಡುವುದೂ ಈ ಕಾಗದದ ಚೂರೇ.

ಉಡುಪಿ, ಮಂಗಳೂರು ಕಡೆ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಮಣ್ಣು, ನೀರಿನಿಂದ ಬರುವ ಮೆಲಿಯೊಯಿಡೋಸಿಸ್ ಕರಾವಳಿಯಲ್ಲಿ ಮಳೆಗಾಲದಲ್ಲಿ ಕಾಣಿಸುತ್ತದೆ, ಸಕ್ಕರೆ ಕಾಯಿಲೆ ಇರುವವರಲ್ಲಿ ಜಾಸ್ತಿ. ಅದನ್ನು ಮಾಡುವ ಬರ್ಕ್‌ಹೋಲ್ಡೇರಿಯಾ ಸ್ಯೂಡೊಮಲೈ ಕೂಡ ಆಕ್ಸಿಡೇಸ್ ಪಾಸಿಟಿವ್. ಅದನ್ನು ಸುಮ್ನೆ ಸ್ಯೂಡೊಮೊನಾಸ್ ಜಾತಿ ಅಂತ ಬರೆದು ಬಿಟ್ಟರೆ ರೋಗಿಗೆ ಬೇಕಾದ ಔಷಧಿ ಸಿಗುವುದಿಲ್ಲ. ಸ್ಟೇನ್‌ನಲ್ಲಿ ಎರಡು ತುದಿ ಗಾಢವಾದ, ಸೇಫ್ಟಿ ಪಿನ್‌ನಂಥ ಕಡ್ಡಿ, ದಿನ ಕಳೆದಂತೆ ಸುಕ್ಕುಗಟ್ಟುವ ಕಾಲೊನಿ, ಕೊಲಿಸ್ಟಿನ್‌ಗೆ ಬಗ್ಗದೆ ಕೊ-ಅಮಾಕ್ಸಿಕ್ಲಾವ್‌ಗೆ ಬಗ್ಗುವುದು: ಇವು ಒಟ್ಟಿಗೆ ಕಂಡರೆ ಪ್ಲೇಟನ್ನು ಮೂಸಬೇಡಿ, ಬಯೋಸೇಫ್ಟಿ ಕ್ಯಾಬಿನೆಟ್‌ನೊಳಗೆ ಇಡಿ, ಮೇಲಿನವರಿಗೆ ಹೇಳಿ.

ಮೂರು ಪರೀಕ್ಷೆ ಮುಗಿದ ಮೇಲೆ ಹೆಸರು ಹೇಗೆ ಸಿಗುತ್ತದೆ?

ಆರಿಯಸ್‌ಗೆ ಹೆಚ್ಚುಕಡಿಮೆ ಅಲ್ಲೇ ಸಿಗುತ್ತದೆ. ನಾಯಿ ಕಚ್ಚಿದ ಗಾಯವಾದರೆ ಮಾತ್ರ ನಿಲ್ಲಿ. ನಾಯಿಗಳಲ್ಲಿರುವ ಸ್ಟ್ಯಾಫಿಲೊಕಾಕಸ್ ಸ್ಯೂಡಿಂಟರ್‌ಮೀಡಿಯಸ್ ಕೂಡ ಟ್ಯೂಬ್ ಪಾಸಿಟಿವ್.

ಗ್ರಾಮ್ ನೆಗೆಟಿವ್ ಕಡೆ ಆಕ್ಸಿಡೇಸ್ ಬಾಗಿಲು ಮಾತ್ರ. ಮೂತ್ರದ ಸ್ಯಾಂಪಲ್‌ನಿಂದ ಮ್ಯಾಕ್‌ಕಾಂಕಿ ಮೇಲೆ ಗುಲಾಬಿ ಕಾಲೊನಿ ಬಂತು, ಆಕ್ಸಿಡೇಸ್ ನೆಗೆಟಿವ್ ಅಂದುಕೊಳ್ಳಿ. ಈಗ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಎರಡೂ ಸಾಧ್ಯ. ಇಂಡೋಲ್ ಟ್ಯೂಬ್‌ಗೆ ಕೊವಾಕ್ಸ್ ರೀಏಜೆಂಟ್ ಹಾಕಿದಾಗ ಕೆಂಪು ಉಂಗುರ, ಸಿಟ್ರೇಟ್ ಹಸಿರಾಗೇ ಉಳಿದಿದೆ, ಯೂರಿಯೇಸ್ ಗುಲಾಬಿಯಾಗಿಲ್ಲ, ಚಲನೆ ಇದೆ. ಇದು ಇ. ಕೋಲೈ ಮಾದರಿ. ಉಂಗುರವಿಲ್ಲ, ಸಿಟ್ರೇಟ್ ನೀಲಿ, ಯೂರಿಯೇಸ್ ನಿಧಾನವಾಗಿ ಗುಲಾಬಿ, ಚಲನೆ ಇಲ್ಲ ಅಂದರೆ ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಕಡೆಗೆ. ಒಂದೇ ಉತ್ತರ ಉಳಿದವುಗಳ ಜೊತೆ ಹೊಂದದಿದ್ದರೆ ಹೆಸರು ಹುಡುಕುವ ಬದಲು ಪ್ಲೇಟ್ ಶುದ್ಧ ಇದೆಯಾ ಅಂತ ಮೊದಲು ನೋಡಿ. ನನ್ನ ಅನುಭವದಲ್ಲಿ ವಿಚಿತ್ರ ಬ್ಯಾಕ್ಟೀರಿಯಾಗಿಂತ ಬೆರಕೆ ಪ್ಲೇಟ್‌ಗಳೇ ಜಾಸ್ತಿ.

ಮಾಲ್ಡಿ-ಟಾಫ್ ಇದ್ದರೆ ಇವೆಲ್ಲ ಬೇಕಾ?

ಯಂತ್ರ ಇರುವಲ್ಲಿ ಕೆಲವೇ ನಿಮಿಷಗಳಲ್ಲಿ ಹೆಸರು ಬರುತ್ತದೆ, ಟ್ಯೂಬ್ ಕೊಯಾಗ್ಯುಲೇಸ್ ಕಾಯುವ ಅಗತ್ಯ ಕಡಿಮೆ. ಆದರೆ ಅದೂ ಕೊಟ್ಟ ಕಾಲೊನಿಯನ್ನೇ ಓದುವುದು. ಯಂತ್ರ ಎಂಟರೊಕಾಕಸ್ ಅಂದು, ಹನಿ ಹಾಕಿದಾಗ ಜೋರಾಗಿ ನೊರೆ ಬಂದರೆ, ಎಲ್ಲೋ ಕಾಲೊನಿ ಅದಲುಬದಲಾಗಿದೆ ಅಂತ ಗೊತ್ತಾಗುತ್ತದೆ.

ಪುಸ್ತಕದಲ್ಲಿ ಏನೇನು ಬರೆದಿಡಬೇಕು?

ಪಾಸಿಟಿವ್, ನೆಗೆಟಿವ್ ಅಂತ ಅಷ್ಟೇ ಬರೆದರೆ ಸಾಲದು. ಯಾವ ಪ್ಲೇಟ್‌ನಿಂದ ಎತ್ತಿದ್ದು, ಅದು ಎಷ್ಟು ಗಂಟೆಯದು, ಸ್ಲೈಡಾ ಟ್ಯೂಬಾ, ಎಷ್ಟು ಹೊತ್ತಿಗೆ ನೋಡಿದ್ದು, ಕಂಟ್ರೋಲ್ ಸರಿ ಬಂತಾ, ಇಷ್ಟು ಇರಲಿ. ನಮ್ಮ ಹುಡುಗ ಬರೆದ ಸಾಲಿನಲ್ಲಿ ಇಟ್ಟ ಹೊತ್ತು ಸಂಜೆ 5, ನೋಡಿದ ಹೊತ್ತು ಬೆಳಿಗ್ಗೆ 9.30 ಅಂತ ಇದ್ದದ್ದರಿಂದಲೇ ತಪ್ಪು ಎಲ್ಲಿ ಅಂತ ಸಿಕ್ಕಿತು. ಆಮೇಲಿಂದ ನಮ್ಮಲ್ಲಿ ಬೆಳಿಗ್ಗೆ 11ರ ನಂತರ ಯಾರೂ ಟ್ಯೂಬ್ ಕೊಯಾಗ್ಯುಲೇಸ್ ಇಡುವುದಿಲ್ಲ.